ಭೋಸರಿಯ ಸಣ್ಣ ಕಾರ್ಖಾನೆಯೊಂದಕ್ಕೆ ನೀತಿ ಸಂಹಿತೆ ಬರೆದ ಅನುಭವ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ 38 ಮಂದಿ ಕೆಲಸ ಮಾಡುತ್ತೇವೆ. ವಾಹನಗಳಿಗೆ ಬೇಕಾಗುವ ಬ್ರ್ಯಾಕೆಟ್, ಕ್ಲ್ಯಾಂಪ್ ಮೊದಲಾದ ಉಕ್ಕಿನ ಬಿಡಿಭಾಗಗಳನ್ನು ಪ್ರೆಸ್‌ನಲ್ಲಿ ಒತ್ತಿ, ವೆಲ್ಡಿಂಗ್ ಮಾಡಿ, ಹೊರಗಿನವರಿಂದ ಜಿಂಕ್ ಪ್ಲೇಟಿಂಗ್ ಮಾಡಿಸಿ ಗ್ರಾಹಕರಿಗೆ ಕಳಿಸುತ್ತೇವೆ. ಮಾಲೀಕರು ಗೋಕಾಕದ ಕಡೆಯವರು, ಖರೀದಿ ನೋಡಿಕೊಳ್ಳುವವರು ಅಥಣಿಯವರು, ಲೆಕ್ಕಪತ್ರ ಮತ್ತು ಸಿಬ್ಬಂದಿಯ ವ್ಯವಹಾರ ನನ್ನ ಪಾಲಿಗಿದೆ. ಉಳಿದವರಲ್ಲಿ ಬಹುಪಾಲು ಮರಾಠಿಗರು. 2023ರಲ್ಲಿ ನಮ್ಮ ಅತಿ ದೊಡ್ಡ ಗ್ರಾಹಕ ಕಂಪನಿಯು ತನ್ನ ಪೂರೈಕೆದಾರರೆಲ್ಲರಿಗೂ ಒಂದು ಪ್ರಶ್ನಾವಳಿ ಕಳಿಸಿತು. ಉಡುಗೊರೆ, ಹಿತಾಸಕ್ತಿ ಸಂಘರ್ಷ ಮತ್ತು ಸಾಮಾಜಿಕ ಜಾಲತಾಣಗಳ ಬಗ್ಗೆ ನಿಮ್ಮಲ್ಲಿ ಲಿಖಿತ ನೀತಿ ಸಂಹಿತೆ ಇದೆಯೇ, ಇದ್ದರೆ ಅದನ್ನು ನೌಕರರು ಓದಿ ಸಹಿ ಮಾಡಿದ್ದಾರೆಯೇ ಎಂಬುದು ಅದರಲ್ಲಿದ್ದ ಪ್ರಶ್ನೆ. ನಮ್ಮಲ್ಲಿ ಅಂಥ ಕಾಗದ ಇರಲಿಲ್ಲ.

ಗ್ರಾಹಕರು ಮಾದರಿಯೆಂದು ಕಳಿಸಿದ್ದು ಸಾವಿರಾರು ನೌಕರರಿರುವ ಕಂಪನಿಯ ದಸ್ತಾವೇಜು. ಅದರ ಪ್ರಕಾರ ಅನುಮಾನ ಬಂದಾಗ ನೌಕರನು ನೀತಿ ಸಮಿತಿಯನ್ನು ಕೇಳಬೇಕು, ಸಹಾಯವಾಣಿಗೆ ಕರೆ ಮಾಡಬೇಕು, ತನ್ನ ಪ್ರಾದೇಶಿಕ ಮುಖ್ಯಸ್ಥರಿಂದ ಅನುಮತಿ ಪಡೆಯಬೇಕು. ಇವುಗಳಲ್ಲಿ ಯಾವುದೂ ನಮ್ಮಲ್ಲಿಲ್ಲ. ಹೆಸರು ಬದಲಿಸಿ ಅದನ್ನೇ ನಮ್ಮದೆಂದು ಕಳಿಸಿಬಿಡುವ ಪೂರೈಕೆದಾರರು ಸಾಕಷ್ಟಿದ್ದಾರೆ. ಆದರೆ ಪಾಲಿಸಲಾಗದ ನಿಯಮಕ್ಕೆ ನೌಕರರಿಂದ ಸಹಿ ಹಾಕಿಸಿಕೊಂಡರೆ, ಮುಂದೆ ಪಾಲಿಸಬಹುದಾದ ನಿಯಮಕ್ಕೂ ಅವರಲ್ಲಿ ಬೆಲೆ ಉಳಿಯುವುದಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಮಾಲೀಕರಿಗೂ ಅದು ಒಪ್ಪಿಗೆಯಾಯಿತು. ಮಾಲೀಕರು, ಗುಣಮಟ್ಟ ವಿಭಾಗದ ಮುಖ್ಯಸ್ಥರು, ಶಾಪ್‌ಫ್ಲೋರ್‌ನ ಹಿರಿಯ ಸೂಪರ್‌ವೈಸರ್ ಮತ್ತು ನಾನು ಶನಿವಾರದ ಮಧ್ಯಾಹ್ನಗಳಲ್ಲಿ ಕುಳಿತು, ನಮ್ಮಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಮೊದಲು ಬರೆದುಕೊಂಡೆವು. ನಿಯಮಗಳು ಅದರಿಂದಲೇ ಹುಟ್ಟಬೇಕೆಂದು ತೀರ್ಮಾನಿಸಿದೆವು.

ಉಡುಗೊರೆಯ ವಿಷಯದಲ್ಲಿ ಹೆಚ್ಚು ಚರ್ಚೆಯಾಗಿದ್ದು ಮೊತ್ತದ ಬಗ್ಗೆ. ಸಾವಿರ ರೂಪಾಯಿಯವರೆಗೆ ಪರವಾಗಿಲ್ಲ ಎಂದು ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಸುಲಭ. ಆದರೆ ದೀಪಾವಳಿಗೆ ಬರುವ ಡ್ರೈಫ್ರೂಟ್ ಡಬ್ಬಿ, ಬೆಳ್ಳಿ ನಾಣ್ಯ, ಮಾಲ್‌ಗಳ ಗಿಫ್ಟ್ ವೋಚರ್, ಪ್ಯಾಂಟು ಶರ್ಟಿನ ಬಟ್ಟೆ ಇವು ಯಾರ ಕೈಗೆ ಬರುತ್ತವೆ ಎಂದು ಪಟ್ಟಿ ಮಾಡಿದಾಗ ಗೊತ್ತಾದದ್ದು ಬೇರೆ. ಅವು ಪ್ರೆಸ್ ನಡೆಸುವವರಿಗೆ ಬರುವುದಿಲ್ಲ. ಖರೀದಿ, ಸ್ಟೋರ್, ಒಳಬರುವ ಮಾಲಿನ ತಪಾಸಣೆ ಮತ್ತು ಬಿಲ್ ಪಾವತಿ ಎಂಬ ನಾಲ್ಕು ಮೇಜುಗಳಿಗೇ ಹೆಚ್ಚುಕಡಿಮೆ ಎಲ್ಲವೂ ಬರುತ್ತವೆ. ಪೂರೈಕೆದಾರನಿಗೆ ಬೇಕಾದ ನಾಲ್ಕು ಸಂಗತಿಗಳು, ಅಂದರೆ ಆರ್ಡರ್ ಸಿಗುವುದು, ತೂಕದಲ್ಲಿ ತಕರಾರು ಬಾರದಿರುವುದು, ಮಾಲು ಪಾಸಾಗುವುದು ಮತ್ತು ಹಣ ಬೇಗ ಬರುವುದು, ಈ ನಾಲ್ಕು ಕಡೆಯೇ ನಿರ್ಧಾರವಾಗುತ್ತವೆ. ಹಾಗಾಗಿ ಮೊತ್ತಕ್ಕಿಂತ ಮೇಜನ್ನು ಆಧಾರವಾಗಿ ಹಿಡಿದೆವು. ಈ ನಾಲ್ಕು ಮೇಜುಗಳಲ್ಲಿರುವವರು ಪೂರೈಕೆದಾರರಿಂದ ಕ್ಯಾಲೆಂಡರ್, ಡೈರಿ ಬಿಟ್ಟು ಬೇರೇನನ್ನೂ ಪಡೆಯುವಂತಿಲ್ಲ. ತಿನಿಸು ಬಂದರೆ ಅದನ್ನು ಊಟದ ಕೋಣೆಯಲ್ಲಿ ತೆರೆದು ಎಲ್ಲರಿಗೂ ಹಂಚಬೇಕು. ಉಳಿದವರಿಗೆ ಒಬ್ಬ ಪೂರೈಕೆದಾರನಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 1,000 ರೂಪಾಯಿ ಮಿತಿ. ಒಟ್ಟು ಎಂದು ಬರೆಯದಿದ್ದರೆ ದಸರೆಗೊಂದು, ದೀಪಾವಳಿಗೊಂದು, ಹೊಸ ವರ್ಷಕ್ಕೊಂದು ಎಂದು ಮಿತಿ ಮೂರು ಪಟ್ಟಾಗುತ್ತದೆ. ನಗದು, ಚಿನ್ನ ಬೆಳ್ಳಿ ಮತ್ತು ವೋಚರ್ ಎಷ್ಟೇ ಸಣ್ಣ ಮೊತ್ತದ್ದಾದರೂ ಯಾರಿಗೂ ಇಲ್ಲ, ಏಕೆಂದರೆ ವೋಚರ್ ಕೂಡ ನಗದೇ.

ಮನೆಗೆ ಬಂದುಬಿಡುವ ಡಬ್ಬಿಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಕಾರ್ಖಾನೆಯಲ್ಲಿ ಬೇಡವೆಂದರೆ ಪೂರೈಕೆದಾರ ವಿಳಾಸ ಹುಡುಕಿಕೊಂಡು ಮನೆಗೆ ಕಳಿಸುತ್ತಾನೆ, ಮನೆಯವರು ಹಬ್ಬದ ದಿನ ಬಾಗಿಲಿಗೆ ಬಂದ ಸಿಹಿಯನ್ನು ಹಿಂದಿರುಗಿಸುವುದು ನಮ್ಮ ಸಂಪ್ರದಾಯಕ್ಕೆ ಸಲ್ಲದು. ನಿಯಮವನ್ನು ನೌಕರನ ಮೇಲೆ ಮಾತ್ರ ಹೊರಿಸಿದರೆ ಅವನ ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ಡಬ್ಬಿ ನಿಲ್ಲುವುದಿಲ್ಲ. ಆದ್ದರಿಂದ ದಸರೆಗೆ ಮುಂಚೆಯೇ ಎಲ್ಲ ಪೂರೈಕೆದಾರರಿಗೂ ಮಾಲೀಕರ ಸಹಿಯಲ್ಲಿ ಮರಾಠಿಯಲ್ಲಿ ಪತ್ರ ಬರೆದೆವು. ನಮ್ಮ ನೌಕರರಿಗೆ ಕಾರ್ಖಾನೆಯಲ್ಲಾಗಲಿ ಮನೆಯಲ್ಲಾಗಲಿ ಉಡುಗೊರೆ ಕೊಡಬೇಡಿ, ಕೊಡದಿರುವುದರಿಂದ ನಿಮ್ಮ ಆರ್ಡರಿಗೆ ಯಾವ ಬಾಧಕವೂ ಇಲ್ಲ ಎಂಬುದು ಅದರ ಸಾರ. ಎರಡನೆಯ ಮಾತು ಬಹಳ ಮುಖ್ಯವೆಂದು ಆಮೇಲೆ ತಿಳಿಯಿತು. ಒಬ್ಬ ಸಣ್ಣ ಪೂರೈಕೆದಾರರು ನನಗೆ ಕರೆ ಮಾಡಿ, ಬೇರೆಯವರು ಕೊಡುತ್ತಾರೆಂಬ ಹೆದರಿಕೆಯಿಂದಲೇ ತಾವು ಪ್ರತಿವರ್ಷ ಸಾಲ ಮಾಡಿ ಕೊಡುತ್ತಿದ್ದೆವೆಂದು ಹೇಳಿದರು. ಹಾಗೂ ಬಂದ ವಸ್ತುವನ್ನು ಮರುದಿನ ತಂದು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ದಿನಾಂಕ, ಕೊಟ್ಟವರು, ವಸ್ತು, ಅಂದಾಜು ಬೆಲೆ, ಏನು ಮಾಡಲಾಯಿತು ಎಂಬ ಐದು ಕಲಂಗಳು ಸಾಕು. ಬರೆದವನಿಗೆ ಯಾವ ಶಿಕ್ಷೆಯೂ ಇಲ್ಲ, ಬರೆಯದೆ ಇಟ್ಟುಕೊಂಡದ್ದು ಮಾತ್ರ ತಪ್ಪು.

ನಾವೇ ಕೊಡುವ ಉಡುಗೊರೆಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಸರ್ಕಾರಿ ನೌಕರರಿಗೆ ಏನನ್ನೂ ಕೊಡುವಂತಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದೆವು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟ ವ್ಯಕ್ತಿಯಷ್ಟೇ ಅಲ್ಲ, ವ್ಯಾಪಾರದ ಲಾಭಕ್ಕಾಗಿ ಯಾರ ಪರವಾಗಿ ಲಂಚ ಕೊಡಲಾಯಿತೋ ಆ ಸಂಸ್ಥೆಯೂ ಹೊಣೆಯಾಗುತ್ತದೆ. ಸಂಸ್ಥೆ ದೊಡ್ಡದೋ ಸಣ್ಣದೋ ಎಂಬ ಭೇದ ಅದರಲ್ಲಿಲ್ಲ. ಗ್ರಾಹಕ ಕಂಪನಿಗಳ ನೌಕರರಿಗೆ ದೀಪಾವಳಿಗೆ ಕಳಿಸುತ್ತಿದ್ದ ಡಬ್ಬಿಗಳನ್ನೂ ನಿಲ್ಲಿಸಿದೆವು. ಈ ಖರ್ಚು ಹಳೆಯ ಪುಸ್ತಕಗಳಲ್ಲಿ ಸಿಬ್ಬಂದಿ ಕಲ್ಯಾಣ, ಮಾರಾಟ ಪ್ರೋತ್ಸಾಹ ಎಂದು ಬೇರೆ ಬೇರೆ ತಲೆಬರಹಗಳಲ್ಲಿ ಚದುರಿ ಹೋಗಿತ್ತು. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ, ಕಾಯ್ದೆಯ 17(5)ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಟ್ಯಾಲಿಯಲ್ಲಿ ಉಡುಗೊರೆ ಎಂದೇ ಒಂದು ಪ್ರತ್ಯೇಕ ಲೆಡ್ಜರ್ ತೆರೆದೆ. ಲೆಕ್ಕದಲ್ಲಿ ಅದು ಒಂದೇ ಕಡೆ ಕಾಣಿಸತೊಡಗಿದ ಮೇಲೆ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ಬೇರೆ ತಪಾಸಣೆ ಬೇಕಾಗಲಿಲ್ಲ.

ಹಿತಾಸಕ್ತಿ ಸಂಘರ್ಷದ ಅಧ್ಯಾಯದಲ್ಲಿ ನಾವು ಹೆಚ್ಚು ಕಲಿತೆವು. ಸಣ್ಣ ಊರಿನಿಂದ ಬಂದು ಇಲ್ಲಿ ನೆಲೆಯೂರಿದವರ ವ್ಯವಹಾರದಲ್ಲಿ ನೆಂಟಸ್ತನ ಎಲ್ಲೆಡೆಯೂ ಇರುತ್ತದೆ. ಅಣ್ಣ ಒಂದು ಲೇತ್ ಹಾಕಿದರೆ ತಮ್ಮ ಟೆಂಪೊ ಇಟ್ಟುಕೊಳ್ಳುತ್ತಾನೆ, ಭಾವ ಪ್ಯಾಕಿಂಗ್ ಸಾಮಾನು ಮಾರುತ್ತಾನೆ. ನೆಂಟರೊಡನೆ ವ್ಯವಹಾರವೇ ಬೇಡವೆಂದರೆ ಭೋಸರಿಯ ಅರ್ಧ ಕಾರ್ಖಾನೆಗಳು ನಿಂತುಹೋಗುತ್ತವೆ. ಆದ್ದರಿಂದ ನಮ್ಮ ನಿಯಮ ಸಂಬಂಧವನ್ನು ನಿಷೇಧಿಸುವುದಿಲ್ಲ. ಸಂಬಂಧವನ್ನು ಬರೆದುಕೊಡಬೇಕು, ಬರೆದುಕೊಟ್ಟ ಮೇಲೆ ಆ ವ್ಯವಹಾರದ ನಿರ್ಧಾರದಿಂದ ಹೊರಗಿರಬೇಕು, ಇವೆರಡೇ ಅದರ ಅಂಶಗಳು. ಒಂದು ಪುಟದ ಘೋಷಣಾ ನಮೂನೆ ಸಿದ್ಧಪಡಿಸಿದೆವು. ಪೂರೈಕೆದಾರ, ಗ್ರಾಹಕ ಅಥವಾ ಪ್ರತಿಸ್ಪರ್ಧಿ ಸಂಸ್ಥೆಗಳಲ್ಲಿ ತಮಗಾಗಲಿ, ಸಂಗಾತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಮತ್ತು ಸಂಗಾತಿಯ ಒಡಹುಟ್ಟಿದವರಿಗಾಗಲಿ ಪಾಲು, ನೌಕರಿ ಅಥವಾ ಸಾಲದ ಸಂಬಂಧ ಇದೆಯೇ ಎಂದು ಅದು ಕೇಳುತ್ತದೆ. ಸಾಲವನ್ನು ಸೇರಿಸಬೇಕೆಂದು ಹಟ ಹಿಡಿದವರು ಸೂಪರ್‌ವೈಸರ್. ಪೂರೈಕೆದಾರನಿಂದ ಕೈಗಡ ಪಡೆದವನು ಅವನ ಮಾಲನ್ನು ಹಿಂದಿರುಗಿಸಲಾರನೆಂಬ ಅವರ ಮಾತಿಗೆ ಎದುರಾಡುವಂತಿರಲಿಲ್ಲ.

ನಮೂನೆ ಹಂಚಿದ ಮರುದಿನ ಖರೀದಿ ಅಧಿಕಾರಿ ನನ್ನ ಮೇಜಿನ ಬಳಿ ಬಂದರು. ಚಾಕಣದಲ್ಲಿ ನಮಗೆ ಜಿಂಕ್ ಪ್ಲೇಟಿಂಗ್ ಮಾಡಿಕೊಡುವ ಘಟಕ ಅವರ ಭಾವಮೈದುನನದು. ಅದು ಗುಟ್ಟೇನಲ್ಲ, ಆದರೆ ಯಾವ ಕಾಗದದಲ್ಲೂ ಇರಲಿಲ್ಲ.

"ಅಕ್ಕಾರ, ಇದನ್ನ ಬರದುಕೊಟ್ರ ನಾಳೆ ನನ್ನ ಕಳ್ಳ ಅಂತಾರೇನ್ರಿ?" ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಬಾಯಿಮಾತಿನಲ್ಲಿ ಸಮಾಧಾನ ಹೇಳಿದ್ದರೆ ಅದು ಸಾಲುತ್ತಿರಲಿಲ್ಲ. ವಿಷಯ ಕೇಳಿದ ಮಾಲೀಕರು, "ಮೊದಲ ನಂದು ಬರ್ಕೊಳ್ರಿ, ಆಮ್ಯಾಲೆ ಉಳದವ್ರದು" ಎಂದರು. ಕಾರ್ಖಾನೆಯ ಶೆಡ್ಡು ಅವರ ಪತ್ನಿಯ ಹೆಸರಿನಲ್ಲಿದ್ದು ಅದಕ್ಕೆ ಕಂಪನಿ ಬಾಡಿಗೆ ಕೊಡುತ್ತದೆ, ಕಾರ್ಡ್‌ಬೋರ್ಡ್ ಪೆಟ್ಟಿಗೆಗಳು ಅವರ ತಮ್ಮನ ಮಗನಿಂದ ಬರುತ್ತವೆ. ನಿರ್ದೇಶಕರು ತಮ್ಮ ಹಿತಾಸಕ್ತಿಗಳನ್ನು ಪ್ರತಿ ಆರ್ಥಿಕ ವರ್ಷದ ಮೊದಲ ಮಂಡಳಿ ಸಭೆಯಲ್ಲಿ ಎಂಬಿಪಿ-1 ನಮೂನೆಯಲ್ಲಿ ತಿಳಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಆದರೆ ಆ ಕಾಗದ ಲೆಕ್ಕಪರಿಶೋಧಕರ ಕಡತದಲ್ಲಿ ಉಳಿಯುತ್ತದೆಯೇ ಹೊರತು ನೌಕರರ ಕಣ್ಣಿಗೆ ಬೀಳುವುದಿಲ್ಲ. ಮಾಲೀಕರು ನೌಕರರದೇ ನಮೂನೆಯಲ್ಲಿ ಈ ಎರಡನ್ನೂ ಬರೆದು ಸಹಿ ಹಾಕಿ ಊಟದ ಕೋಣೆಯಲ್ಲಿ ಓದಿ ಹೇಳಿದ ಮೇಲೆ ಒಂದೇ ವಾರದಲ್ಲಿ ಉಳಿದ ನಮೂನೆಗಳು ಬಂದವು.

ಪ್ಲೇಟಿಂಗ್ ಘಟಕದ ವ್ಯವಹಾರವನ್ನು ಪರಿಶೀಲಿಸುವ ಕೆಲಸ ಗುಣಮಟ್ಟದ ಮುಖ್ಯಸ್ಥರಿಗೂ ನನಗೂ ಬಂತು. ಇಂಥ ಪರಿಶೀಲನೆಯಲ್ಲಿ ಎಲ್ಲರೂ ಮೊದಲು ನೋಡುವುದು ದರವನ್ನು. ನಾವೂ ಹಿಂದಿನ ಒಂದು ವರ್ಷದ ದರಗಳನ್ನು ಬೇರೆ ಎರಡು ಪ್ಲೇಟಿಂಗ್ ಘಟಕಗಳ ದರದೊಡನೆ ಹೋಲಿಸಿದೆವು. ಇವರದು ಕಿಲೋಗೆ 14 ರೂಪಾಯಿ, ಒಬ್ಬರದು 13 ರೂಪಾಯಿ 50 ಪೈಸೆ, ಮತ್ತೊಬ್ಬರದು 15. ಗುಣಮಟ್ಟದಲ್ಲಿಯೂ ಸಂಶಯಪಡುವಂಥದ್ದೇನಿರಲಿಲ್ಲ. ನಮ್ಮ ಡ್ರಾಯಿಂಗ್ ಕೇಳುವ 8 ಮೈಕ್ರಾನ್ ದಪ್ಪ ಇತ್ತು, ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ ಬಿಳಿ ತುಕ್ಕು ಕಾಣುವ ಮೊದಲು 96 ತಾಸು ನಿಲ್ಲಬೇಕೆಂಬ ಅಗತ್ಯವೂ ಪೂರೈಸಿತ್ತು, ತಿರಸ್ಕೃತ ಲಾಟುಗಳ ಸಂಖ್ಯೆ ಉಳಿದಿಬ್ಬರಷ್ಟೇ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಸರಿಯಿದೆಯೆಂದು ಬರೆದು ಮುಗಿಸಬಹುದಿತ್ತು.

ನನ್ನ ಕೆಲಸ ಪಾವತಿಯದಾದ್ದರಿಂದ ಬಿಲ್ಲುಗಳ ದಿನಾಂಕವನ್ನೂ ಪಕ್ಕಕ್ಕಿಟ್ಟು ನೋಡಿದೆ. ಮಾಲು ಬಂದ ದಿನದಿಂದ ಹಣ ಹೋದ ದಿನದವರೆಗೆ ಎಣಿಸಿದರೆ ಉಳಿದಿಬ್ಬರಿಗೆ 45 ದಿನದ ಗಡಿಗೆ ತೀರಾ ಹತ್ತಿರ ಹಣ ಹೋಗುತ್ತಿತ್ತು, ಈ ಘಟಕಕ್ಕೆ 20 ದಿನದ ಆಸುಪಾಸಿನಲ್ಲಿ. ಯಾರೂ ನನಗೆ ಬೇಗ ಕೊಡಿ ಎಂದು ಹೇಳಿದ್ದಿಲ್ಲ. ಕಾರಣ ಹುಡುಕಿದಾಗ ಅದು ಕಾಗದದ ಓಡಾಟದಲ್ಲಿತ್ತು. ನಮ್ಮಲ್ಲಿ ಪೂರೈಕೆದಾರರ ಬಿಲ್ ಮೊದಲು ಖರೀದಿಯ ಮೇಜಿಗೆ ಹೋಗಿ, ಅಲ್ಲಿ ಆರ್ಡರಿನೊಡನೆ ತಾಳೆಯಾಗಿ, ಆಮೇಲೆ ನನಗೆ ಬರುತ್ತಿತ್ತು. ಭಾವಮೈದುನ ಫೋನ್ ಮಾಡಿ ವಿಚಾರಿಸುತ್ತಿದ್ದ ಕಾರಣ ಅವರ ಬಿಲ್ ಅದೇ ದಿನ ತಾಳೆಯಾಗುತ್ತಿತ್ತು, ಉಳಿದವರದು ಟ್ರೇಯಲ್ಲಿ ತಂಗುತ್ತಿತ್ತು. ಸಣ್ಣ ಘಟಕಗಳಿಗೆ ಹಣ 25 ದಿನ ಮೊದಲೇ ಕೈಸೇರುವುದೆಂದರೆ ಅದು ದರದಲ್ಲಿ ಸಿಗುವ ಐವತ್ತು ಪೈಸೆಗಿಂತ ದೊಡ್ಡ ಲಾಭ, ಏಕೆಂದರೆ ಪ್ಲೇಟಿಂಗಿನವರು ಸತು ಮತ್ತು ರಾಸಾಯನಿಕಗಳನ್ನು ನಗದಿಗೆ ಕೊಳ್ಳಬೇಕಾಗುತ್ತದೆ. ಹಿತಾಸಕ್ತಿ ಸಂಘರ್ಷ ಎಂದ ಕೂಡಲೇ ಕದ್ದ ಹಣ ಹುಡುಕುವವರಿಗೆ ಇದು ಸಿಗುವುದಿಲ್ಲ. ಇಲ್ಲಿ ಯಾರೂ ಕದ್ದಿರಲಿಲ್ಲ, ಅಧಿಕಾರಿಗೆ ತಾವು ಪಕ್ಷಪಾತ ಮಾಡುತ್ತಿದ್ದೇವೆಂಬ ಅರಿವೂ ಇರಲಿಲ್ಲ. ಆದರೂ ಬೇರೆ ಇಬ್ಬರಿಗೆ ಅನ್ಯಾಯವಾಗಿತ್ತು.

ಪರಿಹಾರವನ್ನು ಎರಡು ಭಾಗವಾಗಿ ಮಾಡಿದೆವು. ಆ ಘಟಕಕ್ಕೆ ಸಂಬಂಧಿಸಿದ ದರಪಟ್ಟಿಗಳು ಇನ್ನು ಮುಂದೆ ನೇರವಾಗಿ ನನಗೆ ಬರುತ್ತವೆ, ಹೋಲಿಕೆಯನ್ನು ಗುಣಮಟ್ಟದ ಮುಖ್ಯಸ್ಥರು ಮಾಡುತ್ತಾರೆ, ಆರ್ಡರಿಗೆ ಮಾಲೀಕರು ಸಹಿ ಹಾಕುತ್ತಾರೆ, ಮಾಲು ತಿರಸ್ಕೃತವಾದರೆ ಅದರ ಹಣ ಕಡಿತಗೊಳಿಸುವ ಡೆಬಿಟ್ ನೋಟನ್ನೂ ಖರೀದಿಯವರು ಬರೆಯುವುದಿಲ್ಲ. ತಿರಸ್ಕಾರದ ಮಾತುಕತೆಯಿಂದ ಅವರನ್ನು ಹೊರಗಿಟ್ಟಿದ್ದು ಅವರಿಗೇ ದೊಡ್ಡ ಬಿಡುಗಡೆಯಾಯಿತೆಂದು ಆಮೇಲೆ ಹೇಳಿದರು. ಎರಡನೆಯದಾಗಿ, ಎಲ್ಲ ಪೂರೈಕೆದಾರರ ಬಿಲ್ಲುಗಳನ್ನೂ ಬಂದ ದಿನವೇ ಸ್ಟೋರಿನವರು ಟ್ಯಾಲಿಯಲ್ಲಿ ದಾಖಲಿಸುತ್ತಾರೆ, ನಾನು ಆ ಸರದಿಯಲ್ಲೇ ಪಾವತಿ ಮಾಡುತ್ತೇನೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ ಎಂಬುದು 2006ರ ಎಂಎಸ್‌ಎಂಇಡಿ ಕಾಯ್ದೆಯ ನಿಯಮ. 2023-24ರ ಆರ್ಥಿಕ ವರ್ಷದಿಂದ ಆ ಗಡಿ ಮೀರಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದಾಗಿತ್ತು. ಹೀಗಾಗಿ ಈ ಸರದಿ ಪದ್ಧತಿಯಿಂದ ಕಂಪನಿಗೂ ನೇರ ಪ್ರಯೋಜನವಾಯಿತು.

ಎರಡನೆಯ ನೌಕರಿಯ ಪ್ರಶ್ನೆಯನ್ನು ಬೇಗ ಮುಗಿಸಿದೆವು. ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 60ನೇ ಸೆಕ್ಷನ್ ಹೇಳುತ್ತಿತ್ತು, ಅದನ್ನೇ ಬರೆದೆವು. ನೌಕರಿ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿಯ ಬಳಿ ಸೇರಬಾರದು ಎಂದು ಮಾದರಿ ದಸ್ತಾವೇಜಿನಲ್ಲಿದ್ದ ಷರತ್ತನ್ನು ಕಿತ್ತುಹಾಕಿದೆವು. ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ನಿಲ್ಲುವುದಿಲ್ಲ, ನಿಲ್ಲದ ಮಾತನ್ನು ಬರೆದು ಬಡ ನೌಕರನನ್ನು ಹೆದರಿಸುವುದು ನನಗೆ ಸರಿಕಾಣಲಿಲ್ಲ.

ಸಾಮಾಜಿಕ ಜಾಲತಾಣದ ನಿಯಮಕ್ಕೆ ಖಂಡೇನವಮಿಯೇ ಕಾರಣವಾಯಿತು. ಆ ದಿನ ಪ್ರೆಸ್‌ಗಳಿಗೆಲ್ಲ ಪೂಜೆಯಾಗಿ, ಚೆಂಡುಹೂವಿನ ಹಾರ ಬೀಳುತ್ತದೆ, ಹುಡುಗರು ಹೊಸ ಅಂಗಿ ತೊಟ್ಟು ಫೋಟೊ ತೆಗೆದುಕೊಳ್ಳುತ್ತಾರೆ. ಒಬ್ಬ ವೆಲ್ಡರ್ ತನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ಚಿತ್ರದಲ್ಲಿ ಅವನ ಹೆಗಲ ಹಿಂದೆ, ವೆಲ್ಡಿಂಗಿಗೆ ಭಾಗವನ್ನು ಹಿಡಿದಿಡುವ ಫಿಕ್ಸ್ಚರಿನ ಮೇಲೆ ಕೂರಿಸಿದ್ದ ಒಂದು ಬ್ರ್ಯಾಕೆಟ್ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಇನ್ನೂ ಮಾರುಕಟ್ಟೆಗೆ ಬಾರದ ವಾಹನದ್ದು. ಸೂಪರ್‌ವೈಸರ್ ನೋಡಿ ಕೂಡಲೇ ತೆಗೆಸಿದರು, ಹಾನಿಯಾಗಲಿಲ್ಲ. ಆದರೆ ಆಗಬಹುದಾಗಿದ್ದ ಹಾನಿ ಏನೆಂದು ಎಲ್ಲರಿಗೂ ಬಿಡಿಸಿ ಹೇಳುವುದು ಅಗತ್ಯವಾಗಿತ್ತು. 2000ದ ವಿನ್ಯಾಸ ಕಾಯ್ದೆಯಡಿ ಒಂದು ವಿನ್ಯಾಸವನ್ನು ನೋಂದಾಯಿಸಬೇಕಾದರೆ ಅರ್ಜಿ ಹಾಕುವ ಮೊದಲು ಅದು ಎಲ್ಲಿಯೂ ಸಾರ್ವಜನಿಕವಾಗಿ ಪ್ರಕಟವಾಗಿರಬಾರದು. ಸಂತೋಷಕ್ಕೆ ಹಾಕಿದ ಒಂದು ಚಿತ್ರ ಗ್ರಾಹಕರ ಹಕ್ಕಿಗೇ ಕುತ್ತು ತರಬಲ್ಲದು, ಆ ಗ್ರಾಹಕರು ನಮಗೆ ಮುಂದಿನ ಅಚ್ಚಿನ ಕೆಲಸ ಕೊಡದಿದ್ದರೆ ವೆಲ್ಡರಿನ ಸಂಬಳಕ್ಕೂ ಅದು ತಟ್ಟುತ್ತದೆ.

ಮೊಬೈಲನ್ನೇ ನಿಷೇಧಿಸುವ ಸಲಹೆ ಬಂದಿತ್ತು. ಮಕ್ಕಳು ಮನೆಯಲ್ಲಿ ಒಂಟಿಯಾಗಿರುವ ನೌಕರರು ಇರುವ ಕಡೆ ಅದು ನ್ಯಾಯವಲ್ಲವೆಂದು ನಾನು ವಿರೋಧಿಸಿದೆ. ಕೊನೆಗೆ ಹೊಸ ಭಾಗಗಳ ಕೆಲಸ ನಡೆಯುವ ಜಾಗಕ್ಕೆ ನೆಲದ ಮೇಲೆ ಕೆಂಪು ಪಟ್ಟೆ ಬಳಿದು, ಅದರೊಳಗೆ ಕ್ಯಾಮರಾ ತೆರೆಯುವಂತಿಲ್ಲ ಎಂದೆವು. ಪೂಜೆಯ ದಿನ ಆ ಜಾಗದ ಭಾಗಗಳನ್ನು ಒಳಗಿಟ್ಟು ಬೀಗ ಹಾಕಿ, ಆಮೇಲೆ ಯಾರು ಬೇಕಾದರೂ ಎಷ್ಟು ಬೇಕಾದರೂ ಫೋಟೊ ತೆಗೆದುಕೊಳ್ಳಬಹುದು. ಇದಕ್ಕಿಂತ ದೊಡ್ಡ ಸೋರಿಕೆ ನಮ್ಮ ಕಚೇರಿಯಲ್ಲೇ ಇತ್ತು. ಪೂರೈಕೆದಾರರಿಗೆ ಡ್ರಾಯಿಂಗ್‌ಗಳನ್ನು ಸ್ವಂತ ಫೋನಿನ ವಾಟ್ಸಾಪ್‌ನಿಂದ ಕಳಿಸುವ ರೂಢಿ ಅದು. ನೌಕರ ಕೆಲಸ ಬಿಟ್ಟರೆ ಡ್ರಾಯಿಂಗ್‌ಗಳು ಅವನ ಫೋನಿನಲ್ಲೇ ಹೋಗುತ್ತವೆ. ಈಗ ಕಂಪನಿಯ ಇಮೇಲಿನಿಂದ, ಪ್ರತಿ ಹಾಳೆಯ ಮೇಲೂ ಪಡೆಯುವವರ ಹೆಸರು ಅಡ್ಡಲಾಗಿ ಮುದ್ರಿತವಾಗಿರುವಂತೆ ಕಳಿಸುತ್ತೇವೆ. ಹೆಸರು ಇರುವ ಹಾಳೆ ಮತ್ತೊಬ್ಬರ ಕೈಯಲ್ಲಿ ಕಂಡರೆ ಎಲ್ಲಿಂದ ಹೋಯಿತೆಂದು ಕೂಡಲೇ ತಿಳಿಯುತ್ತದೆ.

ಮಾದರಿಯಲ್ಲಿ ಕಂಪನಿಯ ವಿರುದ್ಧ ಏನನ್ನೂ ಬರೆಯಬಾರದು ಎಂಬ ಸಾಲೂ ಇತ್ತು. ಅಷ್ಟು ಅಗಲದ ನಿಯಮ ಮುಂದೆ ವಿಚಾರಣೆ ನಡೆದರೆ ನಿಮಗೆ ನೆರವಾಗುವುದಿಲ್ಲ ಎಂದು ನಮ್ಮ ಕಾರ್ಮಿಕ ಸಲಹೆಗಾರರು ಹೇಳಿದರು. ಸಂಬಳ ಸಾಲದು, ಓವರ್‌ಟೈಮ್ ತಡವಾಗಿದೆ ಎಂದು ನೌಕರ ತನ್ನ ಗೆಳೆಯರಿಗೆ ಬರೆದರೆ ಅದು ಅವನ ಮಾತು, ಅದಕ್ಕೆ ಉತ್ತರ ಸಂಬಳ ಸರಿಪಡಿಸುವುದು. ಗ್ರಾಹಕರ ಭಾಗ, ಡ್ರಾಯಿಂಗ್, ದರ ಮತ್ತು ಸಹೋದ್ಯೋಗಿಗಳ ಖಾಸಗಿ ವಿವರ ಇವಿಷ್ಟೇ ಹೊರಹೋಗಬಾರದು ಎಂದು ಬರೆದೆವು. ಲೈಂಗಿಕ ಕಿರುಕುಳದ ದೂರಿನ ವಿವರಗಳನ್ನು ಪ್ರಕಟಿಸಬಾರದೆಂದು 2013ರ ಕಾಯ್ದೆಯೇ ಹೇಳುತ್ತದೆ. ಪಾಳಿಯವರ ವಾಟ್ಸಾಪ್ ಗುಂಪಿಗೂ ಅದು ಅನ್ವಯಿಸುತ್ತದೆಂದು ಬೇರೆಯಾಗಿ ಸೇರಿಸಿದೆವು.

ದೂರು ಕೊಡುವ ದಾರಿ ಯಾವುದೆಂಬುದು ಸಣ್ಣ ಸಂಸ್ಥೆಯ ನಿಜವಾದ ಕಷ್ಟ. ದೂರು ಪೆಟ್ಟಿಗೆ ಇಟ್ಟರೆ ಚೀಟಿಯ ಅಕ್ಷರ ನೋಡಿಯೇ ಯಾರದೆಂದು ನಾನು ಹೇಳಬಲ್ಲೆ, ಏಕೆಂದರೆ ಎಲ್ಲರ ರಜಾ ಅರ್ಜಿಗಳೂ ನನ್ನ ಬಳಿಯೇ ಬರುತ್ತವೆ. ಹಾಗಾಗಿ ಪೆಟ್ಟಿಗೆ ಇಡಲಿಲ್ಲ. ಹೊರಗಿನ ಕಾರ್ಮಿಕ ಸಲಹೆಗಾರರ ಫೋನ್ ಸಂಖ್ಯೆಯನ್ನು ಸಂಹಿತೆಯ ಕೊನೆಯಲ್ಲಿ ಅಚ್ಚು ಹಾಕಿದೆವು. ಮಾಲೀಕರ ವಿರುದ್ಧದ ದೂರಾದರೆ ಅವರು ಇನ್ನೊಬ್ಬ ನಿರ್ದೇಶಕರಾದ ಮಾಲೀಕರ ಅಕ್ಕನಿಗೆ ತಿಳಿಸುತ್ತಾರೆ. ಅಕ್ಕ ತಮ್ಮನ ನಡುವೆ ನಿಷ್ಪಕ್ಷಪಾತ ಎಷ್ಟರಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆ ಉಳಿದೇ ಇದೆ, ಇದಕ್ಕಿಂತ ಒಳ್ಳೆಯ ದಾರಿ ನಮಗೆ ಸಿಗಲಿಲ್ಲ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆ ನಮ್ಮ ನೌಕರರ ಸಂಖ್ಯೆಗೆ ಆಗ ಅನ್ವಯಿಸದ ಕಾರಣ, ಸಂಹಿತೆಯನ್ನು ನೇಮಕಾತಿ ಪತ್ರದ ಭಾಗವೆಂದು ಒಂದು ಪುರವಣಿಯಲ್ಲಿ ಬರೆದು ಪ್ರತಿಯೊಬ್ಬರ ಸಹಿ ಪಡೆದೆವು. ಆರೋಪ ಬಂದರೆ ಮೊದಲು ಲಿಖಿತ ಆರೋಪಪತ್ರ, ಉತ್ತರಕ್ಕೆ ಕಾಲಾವಕಾಶ, ಆಮೇಲೆ ಆಂತರಿಕ ವಿಚಾರಣೆ ಎಂಬ ಕ್ರಮವನ್ನೂ ಅದರಲ್ಲೇ ಸೇರಿಸಿದೆವು. ಸಹಿಗೆ ಮುಂಚೆ ಆರು ಪುಟಗಳನ್ನೂ ಮರಾಠಿಯಲ್ಲಿ ಸೂಪರ್‌ವೈಸರ್, ಕನ್ನಡದಲ್ಲಿ ನಾನು ಓದಿ ಹೇಳಿದೆವು.

ಘೋಷಣಾ ನಮೂನೆಯನ್ನು ಪ್ರತಿ ಏಪ್ರಿಲಿನಲ್ಲಿ ಹೊಸದಾಗಿ ತುಂಬಿಸುತ್ತೇವೆ, ಏಕೆಂದರೆ ಸಂಬಂಧಗಳು ವರ್ಷದ ನಡುವೆ ಬದಲಾಗುತ್ತವೆ. ಮರು ವರ್ಷ ಬಂದ ನಮೂನೆಗಳಲ್ಲಿ ಒಳಬರುವ ಮಾಲಿನ ತಪಾಸಕರದೂ ಒಂದಿತ್ತು. ಅವರ ಪತ್ನಿ ನಮಗೆ ಉಕ್ಕಿನ ಶೀಟು ಪೂರೈಸುವ ವ್ಯಾಪಾರಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಆ ವ್ಯಾಪಾರಿಯ ಶೀಟುಗಳನ್ನು ಈಗ ಗುಣಮಟ್ಟದ ಮುಖ್ಯಸ್ಥರೇ ಮೈಕ್ರೋಮೀಟರ್ ಹಿಡಿದು ತಪಾಸಣೆ ಮಾಡುತ್ತಾರೆ, ತಪಾಸಕರು ಉಳಿದೆಲ್ಲ ಮಾಲನ್ನು ನೋಡುತ್ತಾರೆ.